ಹೊಲ ಅವನ ಹೆಸರಿಗೆ, ರೊಕ್ಕ ಟ್ರಸ್ಟಿನ ಹೆಸರಿಗೆ

ವಾಟಣಿ ಪತ್ರದ ಕೊನೆಯ ಹಾಳೆ. ನಾಲ್ಕು ಸಹಿ, ಒಂದು ಹೆಬ್ಬೆಟ್ಟು. ಸಹಿ ಮಾಡಿದವರು ಓದಿಸಿಕೊಂಡು ಮಾಡಿದ್ದಾರೆ. ಹೆಬ್ಬೆಟ್ಟು ಮಾತ್ರ ಅಣ್ಣ ಕೈಹಿಡಿದು ಒತ್ತಿಸಿದ್ದು. ತಮ್ಮನಿಗೆ ಮಸಿ ಚೆಂದ ಕಂಡಿದೆ, ಉಳಿದ ಬೆರಳುಗಳನ್ನೂ ಅದರಲ್ಲಿ ಅದ್ದಿ ನೋಡಿದ್ದಾನೆ. ಹಾಳೆಯ ಅಂಚಿನಲ್ಲಿ ಅದರ ಗುರುತು ಹಾಗೇ ಉಳಿದಿದೆ. "ಅಂವಗ ಯಾಕ್ರೀ ಹೊಲಾ? ಅಂವೇನ್ ಮಾಡ್ತಾನ? ಅಣ್ಣ ಅದಾನಲ್ಲ, ನೋಡ್ಕೋತಾನ" ಎಂದು ಅಪ್ಪನೇ ಹೇಳಿ ಮಾಡಿಸಿದ ಕಾಗದ ಅದು. ಶೇಡಬಾಳ, ಉಗಾರ, ಕಾಗವಾಡದ ಕಡೆ ಇಂಥ ಕಾಗದ ಅಪರೂಪವಲ್ಲ.

ಆ ಹೆಬ್ಬೆಟ್ಟಿಗೆ ಬೆಲೆ ಇಲ್ಲ. ತಾನು ಏನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿಯದವನು ಮಾಡಿದ ಕರಾರು ಕರಾರೇ ಅಲ್ಲ ಎಂದು ಕರಾರು ಕಾಯ್ದೆ ಹೇಳುತ್ತದೆ. ಅವನ ಪಾಲು ಮಾತ್ರ ಗಟ್ಟಿ. ಒಂದು ಕಾಲಕ್ಕೆ ಹುಟ್ಟು ಬುದ್ಧಿಮಾಂದ್ಯರಿಗೆ ಹಿಂದೂ ಶಾಸ್ತ್ರದಲ್ಲಿ ಆಸ್ತಿಯ ಪಾಲು ಇರಲಿಲ್ಲ. ಕುರುಡು, ಕಿವುಡು ಮುಂತಾದ ಕಾರಣಕ್ಕೆ ಪಾಲು ತಪ್ಪಿಸುವುದನ್ನು 1928ರ ಕಾಯ್ದೆ ನಿಲ್ಲಿಸಿತು, ಆದರೆ ಹುಟ್ಟು ಬುದ್ಧಿಮಾಂದ್ಯರನ್ನು ಆಗಲೂ ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಆ ಬಾಗಿಲನ್ನೂ ತೆರೆಯಿತು: ಯಾವ ರೋಗ, ಯಾವ ಊನದ ಕಾರಣಕ್ಕೂ ವಾರಸಾ ತಪ್ಪುವುದಿಲ್ಲ. ಜೈನರಿಗೂ ಲಿಂಗಾಯತರಿಗೂ ಇದೇ ಕಾಯ್ದೆ. ಹಾಗಾಗಿ ಇಪ್ಪತ್ತು ವರ್ಷದ ಮೇಲೆ ಅಣ್ಣ ಆ ಹೊಲ ಮಾರಲು ಹೋದಾಗ ಕೊಳ್ಳುವವನ ವಕೀಲ ಈ ಹೆಬ್ಬೆಟ್ಟು ನೋಡಿ ಕಾಗದ ಮಡಿಸಿ ಕೊಡುತ್ತಾನೆ. ಅಷ್ಟರೊಳಗೆ ಅಪ್ಪ ಇಲ್ಲ, ತಮ್ಮನ ಮಾತ್ರೆಯ ರೊಕ್ಕ ಯಾರು ಕೊಡಬೇಕು ಎನ್ನುವುದರ ಮೇಲೆ ಮನೆಯಲ್ಲಿ ಮಾತು ನಿಂತುಹೋಗಿರುತ್ತದೆ.

ಈ ಲೇಖನಕ್ಕಾಗಿ ಒಂದು ಮನೆ ಕಟ್ಟಿಕೊಳ್ಳೋಣ. ನಿಜವಾದ ಒಂದೇ ಮನೆಯಲ್ಲ, ಈ ಭಾಗದ ಹಲವು ಮನೆಗಳ ತುಂಡು ಸೇರಿಸಿದ್ದು. ಅಪ್ಪನಿಗೆ 57, ಸಕ್ಕರೆ ಕಾರ್ಖಾನೆಯ ಕಾಯಂ ನೌಕರ, ಮುಂದಿನ ವರ್ಷ ನಿವೃತ್ತಿ. ಅವ್ವನಿಗೆ 51. ಮಗಳನ್ನು ಮಿರಜ್‌ಗೆ ಕೊಟ್ಟಿದೆ. ದೊಡ್ಡ ಮಗ ಊರಲ್ಲೇ ಹೊಲ ನೋಡುತ್ತಾನೆ. ಸಣ್ಣವನಿಗೆ 26, ಬೌದ್ಧಿಕ ಅಂಗವೈಕಲ್ಯ ಶೇ. 75ರ ಮೇಲೆ, ಜೊತೆಗೆ ಫಿಟ್ಸ್. ಮೂರು ಎಕರೆ ಕಬ್ಬಿನ ಹೊಲ, ಅಜ್ಜನಿಂದ ಬಂದದ್ದು. ನಿವೃತ್ತಿಯ ದಿನ ಪಿಎಫ್ ಮತ್ತು ಗ್ರಾಚ್ಯುಟಿ ಸೇರಿ 18 ಲಕ್ಷ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ.

ಮೊದಲ ತಪ್ಪು ಎಂಟು ವರ್ಷದ ಹಿಂದೆಯೇ ಆಗಿದೆ. ಮಗ 18 ದಾಟಿದ ದಿನದಿಂದ ಕಾನೂನಿನ ಕಣ್ಣಿಗೆ ಅವನು ಪ್ರೌಢ, ತಂದೆತಾಯಿ ಅವನ ಪಾಲಕರಲ್ಲ. ಇದು ಬಹಳ ಜನಕ್ಕೆ ಗೊತ್ತಾಗುವುದು ಬ್ಯಾಂಕಿನ ಕೌಂಟರಿನಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಒಂದು ಸರಳ ದಾರಿ ಮಾಡಿಕೊಟ್ಟಿದೆ. ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ ಕೂರುತ್ತಾರೆ. ನಮಗೆ ಅದು ಬೆಳಗಾವಿ. ಕೋರ್ಟು ಹತ್ತಬೇಕಿಲ್ಲ, ವಕೀಲರೂ ಬೇಕಿಲ್ಲ. ಮಾನಸಿಕ ರೋಗ, ಅಂದರೆ ಸ್ಕಿಜೋಫ್ರೇನಿಯಾದಂಥದ್ದು, ಈ ಕಾಯ್ದೆಯೊಳಗೆ ಬರುವುದಿಲ್ಲ. ಅವರ ಮನೆಯವರು ಆಸ್ತಿಯ ವಿಷಯಕ್ಕೆ ಕೋರ್ಟಿಗೇ ಹೋಗಬೇಕು.

ಅರ್ಜಿಗೆ ಬೇಕಾದದ್ದು ನಮೂನೆ ‘ಎ’, ಮಗನ ಯುಡಿಐಡಿ ಕಾರ್ಡು ಅಥವಾ ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಎಲ್ಲರ ಆಧಾರ್, ಫೋಟೋ. ಅಣ್ಣ, ಅಕ್ಕನಿಂದ "ನಮ್ಮ ತಕರಾರಿಲ್ಲ" ಎಂಬ ಪತ್ರ ಮೊದಲೇ ಬರೆಸಿ ಇಟ್ಟುಕೊಂಡರೆ ಒಂದು ತಿರುಗಾಟ ಉಳಿಯುತ್ತದೆ. ಅರ್ಜಿ ತುಂಬಲು ಏಜೆಂಟರ ಬಳಿ ಹೋಗಬೇಡಿ. ಪಟ್ಟಣ ಪಂಚಾಯಿತಿಗೆ ನಗರ ಪುನರ್ವಸತಿ ಕಾರ್ಯಕರ್ತ, ಗ್ರಾಮ ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂದು ಇಲಾಖೆ ಇಟ್ಟಿರುವುದು ಇದಕ್ಕೇ. ಸಮಿತಿ ಎರಡು ಪ್ರಶ್ನೆ ನೋಡುತ್ತದೆ: ಇವನಿಗೆ ಪಾಲಕ ನಿಜಕ್ಕೂ ಬೇಕೆ, ಬೇಕಾದರೆ ಯಾವ ಯಾವ ಕೆಲಸಕ್ಕೆ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬರುವ ಹುಡುಗನಿಗೆ ಪೂರ್ತಿ ಪಾಲಕತ್ವ ಕೇಳುವುದು ಸರಿಯಲ್ಲ, ಅವನ ಸಹಿಯನ್ನು ಸುಮ್ಮನೆ ಕಸಿದಂತಾಗುತ್ತದೆ. ನಮ್ಮ ಮನೆಯ ಮಗನಿಗೆ ಬೇಕು.

ಪಾಲಕತ್ವ ಪತ್ರ ಕೈಗೆ ಬಂದ ಮೇಲೆ ಕೆಲಸ ಮುಗಿಯುವುದಿಲ್ಲ. ಆರು ತಿಂಗಳೊಳಗೆ ಮಗನ ಹೆಸರಿನ ಆಸ್ತಿಯ ಪಟ್ಟಿ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಎಂದರೆ ಜೂನ್ ಕೊನೆಯ ಹೊತ್ತಿಗೆ, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ. ಹೆಚ್ಚಿನವರು ಇದನ್ನು ಕೊಡುವುದೇ ಇಲ್ಲ. ತಂದೆತಾಯಿ ಇರುವತನಕ ಯಾರೂ ಕೇಳದೆ ಇರಬಹುದು. ಆದರೆ ಮುಂದೆ ಪಾಲಕನಾಗುವವನು ಅಣ್ಣನೋ ಅಳಿಯನೋ ಆದಾಗ ಅವನನ್ನು ಹಿಡಿಯುವ ಹಗ್ಗ ಇದೊಂದೇ. ಹಣ ದುರ್ಬಳಕೆ ಆದರೆ, ಆರೈಕೆ ಕೆಟ್ಟರೆ, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ದೂರು ಕೊಟ್ಟು ಪಾಲಕನನ್ನು ತೆಗೆಸಬಹುದು. ಮೊದಲಿನಿಂದ ಲೆಕ್ಕ ಕೊಡುತ್ತ ಬಂದ ಫೈಲು ಇದ್ದರೆ ಆ ದೂರಿಗೆ ಬಲ.

ಇಲ್ಲಿ ಇನ್ನೊಂದು ನಂಬಿಕೆ ಸಾಮಾನ್ಯ. "ಮೃತ್ಯುಪತ್ರದಾಗ ಬರದೇನ್ರೀ, ನನ್ನ ಹಿಂದ ನನ್ನ ಮಗಳು ಪಾಲಕಿ ಅಂತ." ಮೈನರ್ ಮಗುವಿಗಾದರೆ ಆ ಬರಹ ನಡೆಯುತ್ತದೆ. 18 ದಾಟಿದವನಿಗೆ ಅದು ಬರೀ ಇಚ್ಛೆ. ಸಮಿತಿಯೇ ಹೊಸದಾಗಿ ನೇಮಿಸಬೇಕು. ಆದ್ದರಿಂದ ಅಪ್ಪ ಅವ್ವ ಇಬ್ಬರೂ ಜಂಟಿಯಾಗಿ ಪಾಲಕರಾಗಿ, ಒಬ್ಬರು ಹೋದ ಕೂಡಲೇ ಉಳಿದವರು ಮಗಳ ಹೆಸರನ್ನು ಮುಂದೆ ತರುವ ಅರ್ಜಿ ಹಾಕುವುದು ವ್ಯವಹಾರದ ಮಾತು. ಉಳಿದವರೂ ಹೋದ ಮೇಲೆ ಅರ್ಜಿ ಹಾಕಿದರೆ ನಡುವಿನ ತಿಂಗಳುಗಳಲ್ಲಿ ಖಾತೆ ತೆರೆಯುವ ಅಧಿಕಾರ ಯಾರಿಗೂ ಇರುವುದಿಲ್ಲ. ಪಾಲಕ ಬೇಕಾದವಳು ಹೆಣ್ಣುಮಗಳಾಗಿದ್ದರೆ ಒಂಟಿ ಗಂಡಸನ್ನು ಪಾಲಕನಾಗಿ ನೇಮಿಸುವುದಿಲ್ಲ ಎನ್ನುವುದೂ ನೆನಪಿರಲಿ. ಅವನ ಹೆಂಡತಿ ಜೊತೆಗಿರಬೇಕು.

ಈಗ ಆದಾಯ. ಯಾರೂ ಹೊಸದಾಗಿ ದುಡಿಯದೆ ಈ ಮಗನಿಗೆ ಬರಬೇಕಾದ ಒಂದು ಹಣ ಆಗಲೇ ಇದೆ, ಅಪ್ಪನ ಪಿಎಫ್ ಖಾತೆಯ ಪಕ್ಕದಲ್ಲಿ. ಕಾರ್ಖಾನೆಯವರು ಪ್ರತಿ ತಿಂಗಳು ಕಟ್ಟುವ ಹಣದ ಒಂದು ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಅದರಲ್ಲಿ ಮಕ್ಕಳ ಪಿಂಚಣಿ 25 ವರ್ಷಕ್ಕೆ ನಿಲ್ಲುತ್ತದೆ, ಆದರೆ ಶಾಶ್ವತವಾಗಿ, ಪೂರ್ತಿಯಾಗಿ ಅಂಗವಿಕಲನಾದ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿ ಇಲ್ಲ, ಬದುಕಿರುವತನಕ ಬರುತ್ತದೆ. ಅಪ್ಪನಿಗೆ ತಿಂಗಳಿಗೆ 4,800 ರೂಪಾಯಿ ಪಿಂಚಣಿ ಎನ್ನೋಣ. ಅವನ ನಂತರ ಅವ್ವನಿಗೆ ಅದರ ಅರ್ಧ, 2,400. ಅವ್ವನ ಪಿಂಚಣಿಯ ಕಾಲು ಭಾಗ, 600, ಮಗನಿಗೆ ಅದರ ಜೊತೆಗೇ. ಅವ್ವನೂ ಹೋದ ಮೇಲೆ ಅವನದು ಅನಾಥ ಪಿಂಚಣಿ ಆಗುತ್ತದೆ, ಅವ್ವನ ಪಿಂಚಣಿಯ ಮುಕ್ಕಾಲು ಭಾಗ, 1,800.

ಇದನ್ನು ಕಳೆದುಕೊಳ್ಳುವ ದಾರಿ ಎರಡು. ಒಂದು, ಅಪ್ಪ ನಿವೃತ್ತಿಯಲ್ಲಿ ತುಂಬುವ 10ಡಿ ನಮೂನೆಯಲ್ಲಿ ಮಕ್ಕಳ ಹೆಸರಿನ ಎದುರು ಮಗ ಅಂಗವಿಕಲ ಎಂದು ಬರೆಯದೆ ಬಿಡುವುದು. ಮದುವೆಯಾದ ಮಗಳು, ದುಡಿಯುವ ಮಗ ಎಂದು ಎಲ್ಲ ಖಾನೆಗೂ ಗೆರೆ ಎಳೆಯುವಾಗ ಗುಮಾಸ್ತ ಇದಕ್ಕೂ ಎಳೆದುಬಿಡುತ್ತಾನೆ. ಇನ್ನೊಂದು, ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ. ಮಗನ ಬೆರಳು ಯಂತ್ರದ ಮೇಲೆ ನಿಲ್ಲುವುದಿಲ್ಲ, ಎರಡು ಸಲ ಪ್ರಯತ್ನಿಸಿ ಮನೆಗೆ ಬರುತ್ತಾರೆ, ಪಿಂಚಣಿ ನಿಲ್ಲುತ್ತದೆ. ಪಾಸ್‌ಬುಕ್ಕನ್ನು ಪ್ರತಿ ತಿಂಗಳು ಛಾಪಿಸಿದರೆ ಮೊದಲ ತಿಂಗಳೇ ತಿಳಿಯುತ್ತದೆ. ಛಾಪಿಸದಿದ್ದರೆ ವರ್ಷ ಕಳೆದ ಮೇಲೆ.

ಸರ್ಕಾರಿ ನೌಕರರ ಮನೆಯಾದರೆ ಈ ಅಂಕಿ ಬೇರೆಯೇ. ಕೊನೆಯ ಮೂಲ ವೇತನದ ಶೇ. 30ರಷ್ಟು ಕುಟುಂಬ ಪಿಂಚಣಿ, ಮೇಲೆ ತುಟ್ಟಿಭತ್ಯೆ, ಅಂಗವಿಕಲ ಮಗುವಿಗೆ ಜೀವನಪೂರ್ತಿ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಮಾಜಿ ಸೈನಿಕರ ಮನೆಗಳಿಗೂ ಇಂಥ ಪಿಂಚಣಿ ಇದೆ. ಆದರೆ ಕೇಂದ್ರ ಸರ್ಕಾರದ ನಿವೃತ್ತರ ವಿಷಯದಲ್ಲಿ ಒಂದು ಕೊಕ್ಕೆ ಇದೆ. ಮಗುವಿನ ಬೇರೆ ಆದಾಯ ಆ ಕುಟುಂಬ ಪಿಂಚಣಿಗಿಂತ ಕಡಿಮೆ ಇರಬೇಕು. 2021ರಲ್ಲಿ ಈ ಮಿತಿಯನ್ನು ಏರಿಸಿದರು, ತೆಗೆಯಲಿಲ್ಲ. ಪ್ರೀತಿಯಿಂದ ಎಲ್ಲ ಠೇವಣಿಯನ್ನೂ ಮಗನ ಹೆಸರಿಗೇ ಮಾಡಿಟ್ಟ ರೇಲ್ವೆಯ ನಿವೃತ್ತರೊಬ್ಬರು ಆ ಬಡ್ಡಿಯಿಂದಲೇ ಮಗನ ಪಿಂಚಣಿಗೆ ಕಲ್ಲು ಹಾಕಿದಂತೆ ಆಗಬಹುದು. ಅದಕ್ಕೇ ಯಾವ ಆಸ್ತಿ ಯಾರ ಹೆಸರಿಗೆ ಎನ್ನುವುದನ್ನು ಪಿಂಚಣಿ ನೋಡಿಕೊಂಡು ತೀರ್ಮಾನಿಸಬೇಕು. ರಾಜ್ಯ ಸರ್ಕಾರ ನಾಡಕಚೇರಿಯ ಮೂಲಕ ಕೊಡುವ ಅಂಗವಿಕಲ ವೇತನಕ್ಕೂ ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಇನ್ನೊಂದು ಗಡಿ ಭಾಗದ ತೊಂದರೆ: ಆಸ್ಪತ್ರೆ ಮಿರಜ್‌ನದು ಎಂದು ಮಗಳ ಮನೆಯ ವಿಳಾಸದ ಮೇಲೆ ಅಲ್ಲೇ ಕಾರ್ಡು ಮಾಡಿಸುತ್ತಾರೆ. ಯುಡಿಐಡಿ ದೇಶವೆಲ್ಲ ನಡೆಯುತ್ತದೆ ನಿಜ, ಆದರೆ ಇಲ್ಲಿನ ವೇತನಕ್ಕೂ ಬೆಳಗಾವಿಯ ಸಮಿತಿಗೂ ವಿಳಾಸ ಶೇಡಬಾಳದ್ದೇ ಇರಬೇಕು.

ಹೊಲಕ್ಕೆ ಬರೋಣ. ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ: ಹೊಲದ ಪಾಲು ಮಗನ ಹೆಸರಿಗೇ ಹೋಗಬೇಕು, ಉತಾರದಲ್ಲಿ ಅವನ ಹೆಸರು ಬೀಳಬೇಕು. ಮಾರಲು, ಸಾಲ ತೆಗೆಯಲು ತೊಡಕಾಗುತ್ತದೆ ಎನ್ನುತ್ತಾರೆ. ಆ ತೊಡಕೇ ಬೇಕಾದದ್ದು. ಪಾಲಕ ಮಾರಲು ಹೋದರೆ ಸಬ್‌ರಿಜಿಸ್ಟ್ರಾರು, ಕೊಳ್ಳುವವನ ವಕೀಲರು ಕೋರ್ಟಿನ ಪರವಾನಗಿ ಎಲ್ಲಿದೆ ಎಂದು ಕೇಳುತ್ತಾರೆ. ಅಪ್ಪ ಅವ್ವ ಇಲ್ಲದ ಕಾಲದಲ್ಲಿ ಆ ಪ್ರಶ್ನೆಯೇ ಹೊಲಕ್ಕೆ ಹಾಕಿದ ಬೇಲಿ.

ಅಜ್ಜನಿಂದ ಬಂದ ಹೊಲವಾದ್ದರಿಂದ ಮೂರೂ ಎಕರೆಯನ್ನು ಅಪ್ಪ ತನ್ನಿಷ್ಟದಂತೆ ಮೃತ್ಯುಪತ್ರದಲ್ಲಿ ಬರೆಯಲಾರ. ವಾಟಣಿ ಮಾಡಿದರೆ ಅಪ್ಪ, ಅವ್ವ, ಮೂವರು ಮಕ್ಕಳು, ಹೀಗೆ ಐದು ಪಾಲು. 120 ಗುಂಟೆಗೆ ತಲಾ 24. ಮಗಳದೂ ಪಾಲು, 2005ರ ತಿದ್ದುಪಡಿಯ ನಂತರ ಅದರಲ್ಲಿ ಚರ್ಚೆಗೆ ಜಾಗ ಇಲ್ಲ. ಸಣ್ಣ ಮಗನಿಗೆ ಹಕ್ಕಿನಿಂದಲೇ 24 ಗುಂಟೆ. ಅಪ್ಪ ತನ್ನ 24 ಗುಂಟೆಯನ್ನು ಅವನಿಗೆ ಮೃತ್ಯುಪತ್ರದಲ್ಲಿ ಬರೆದರೆ 48 ಗುಂಟೆ, ಅಂದರೆ ಒಂದು ಎಕರೆ ಎಂಟು ಗುಂಟೆ. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು, ಪಾಲು ಸಿಗುವವರು ಸಾಕ್ಷಿ ಹಾಕದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ವಾಟಣಿಯಲ್ಲೇ ಒಂದು ಸೂಕ್ಷ್ಮ ಇದೆ. ಪಾಲಕನಾದ ಅಪ್ಪ ಮಗನ ಪರವಾಗಿಯೂ ಸಹಿ ಮಾಡುತ್ತಾನೆ, ತನ್ನ ಪಾಲಿಗೂ ಸಹಿ ಮಾಡುತ್ತಾನೆ. ಒಂದೇ ಕೈ ಕೊಡುವುದೂ ತೆಗೆದುಕೊಳ್ಳುವುದೂ ಆಯಿತಲ್ಲ. ನಾಳೆ ಯಾರಾದರೂ ಕೆದಕಿದರೆ ಅದು ಸಡಿಲ. ಇದಕ್ಕಿಂತ ಗಟ್ಟಿಯಾದದ್ದು ದಿವಾಣಿ ಕೋರ್ಟಿನಲ್ಲಿ ವಾಟಣಿಯ ದಾವೆ ಹಾಕಿ ರಾಜಿ ಡಿಕ್ರಿ ಪಡೆಯುವುದು. ಅಲ್ಲಿ ಮಗನಿಗೆಂದೇ ಕೋರ್ಟು ಒಬ್ಬ ಪಾಲಕನನ್ನು ನಿಲ್ಲಿಸುತ್ತದೆ, ರಾಜಿ ಅವನ ಹಿತಕ್ಕಿದೆ ಎಂದು ಅನಿಸಿದರೆ ಮಾತ್ರ ಪರವಾನಗಿ ಕೊಡುತ್ತದೆ. ಖರ್ಚು ಸ್ವಲ್ಪ ಹೆಚ್ಚು, ತಿಂಗಳುಗಳೂ ಹಿಡಿಯುತ್ತವೆ. ಅಣ್ಣನಿಗೂ ಇದು ಒಳ್ಳೆಯದು, ಅವನ ಪಾಲಿನ ಕಾಗದವೂ ಚೊಕ್ಕ ಆಗುತ್ತದೆ. ಮಗನ ಹಿಸ್ಸೆ ಕಾಲುವೆ ನೀರು ಬರುವ, ದಾರಿ ಇರುವ ಕಡೆ ಬೀಳಲಿ. ನದಿ ಬದಿಗೆ 2019ರ ಮಹಾಪೂರದಲ್ಲಿ ಮುಳುಗಿದ ಪಟ್ಟಿಯನ್ನು "ಅಂವಗ ಇದ ಸಾಕು" ಎಂದು ಕೊಡುವ ಮನೆಗಳೂ ಇವೆ.

ಹೊಲದಿಂದ ಆದಾಯ ಬರುವುದು ಹೇಗೆ? ಲಾವಣಿಗೆ ಹಾಕುತ್ತೇವೆ ಎನ್ನುತ್ತಾರೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕೆಲವೇ ಅಪವಾದ ಬಿಟ್ಟರೆ ಅವಕಾಶ ಇಲ್ಲ. ಊರಲ್ಲಿ ನಡೆಯುವ ಲಾವಣಿ ಬಾಯಿಮಾತಿನದು. ಲಾವಣಿ ಕೊಡದಿದ್ದರೆ ಅಪ್ಪನಾದರೆ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ, ಈ ಮಗ ನಿಲ್ಲಲಾರ. ಹಾಗಾಗಿ ಅಣ್ಣನೇ ಸಾಗು ಮಾಡಿ ಮನೆಯೊಳಗೇ ಲೆಕ್ಕ ಇಡುವುದು ಸರಿಯಾದ ದಾರಿ. ಆ ಲೆಕ್ಕ ರೂಪಾಯಿಯಲ್ಲಿ ಬೇಡ, ಟನ್ನಿನಲ್ಲಿರಲಿ. ವರ್ಷಕ್ಕೆ 15 ಟನ್ ಕಬ್ಬಿನ ಬಿಲ್ಲು ತಮ್ಮನ ಖಾತೆಗೆ ಎಂದು ರಾಜಿಯ ಕಾಗದದಲ್ಲೇ ಬರೆದರೆ, ಕಬ್ಬಿನ ದರ ಏರಿದಂತೆ ಅದೂ ಏರುತ್ತದೆ. ಟನ್ನಿಗೆ 3,000 ಹಿಡಿದರೆ ವರ್ಷಕ್ಕೆ 45,000, ತಿಂಗಳಿಗೆ 3,750. 48 ಗುಂಟೆಯ ಬೆಳೆಯಲ್ಲಿ ಇದು ದೊಡ್ಡ ಪಾಲಲ್ಲ. ಬೀಜ, ಗೊಬ್ಬರ, ನೀರು, ಮೈಮುರಿತ ಅಣ್ಣನದು. ಅವನಿಗೂ ಉಳಿಯಬೇಕು, ಇಲ್ಲದಿದ್ದರೆ ಮೂರನೇ ವರ್ಷಕ್ಕೆ ಕೊಡುವುದು ನಿಲ್ಲುತ್ತದೆ.

ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಮಾತ್ರೆ ತಿಂಗಳಿಗೊಮ್ಮೆ ಬೇಕು. ಅದಕ್ಕೇ ರೊಕ್ಕದ ವ್ಯವಸ್ಥೆ ಹೊಲದಂತೆ ಇರಬಾರದು. ಹೊಲ ಸಿಕ್ಕಿಹಾಕಿಕೊಂಡರೆ ಉಳಿಯುತ್ತದೆ, ರೊಕ್ಕ ಸಿಕ್ಕಿಹಾಕಿಕೊಂಡರೆ ಮಗ ಉಪವಾಸ. ಅವ್ವ ಮತ್ತು ಮಗನ ಜಂಟಿ ಹೆಸರಿನಲ್ಲಿ ಠೇವಣಿ ಮಾಡಿಟ್ಟರೆ ಅವ್ವ ಹೋದ ದಿನ ಉಳಿದ ಖಾತೆದಾರನಿಗೆ ಸಹಿ ಬರುವುದಿಲ್ಲ. ಅಣ್ಣನ ಹೆಸರಿನಲ್ಲಿಟ್ಟರೆ ಅದು ಅಣ್ಣನ ರೊಕ್ಕ. ಅವನ ಸಾಲಗಾರರೂ, ನಾಳೆ ಅವನಿಗೆ ಏನಾದರೂ ಆದರೆ ಅವನ ಹೆಂಡತಿ ಮಕ್ಕಳೂ ಅದಕ್ಕೆ ಹಕ್ಕುದಾರರು. ಅಣ್ಣ ಒಳ್ಳೆಯವನೇ ಇರಬಹುದು. ಒಳ್ಳೆಯವರ ಟ್ರ್ಯಾಕ್ಟರಿನ ಕಂತೂ ಬಾಕಿ ಬೀಳುತ್ತದೆ. ನಾಮಿನಿ ಎಂದು ಬರೆಸಿದೆ, ಸಾಕಲ್ಲವೆ ಎನ್ನುವವರಿಗೆ: ಬ್ಯಾಂಕಿನ ನಾಮಿನಿ ರೊಕ್ಕ ಇಸಿದುಕೊಳ್ಳುವವನು, ಒಡೆಯನಲ್ಲ.

ಇದಕ್ಕೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಖಾಸಗಿ ಟ್ರಸ್ಟ್ ಇದೆ. ಗುಡಿಯ ಟ್ರಸ್ಟ್, ಶಾಲೆಯ ಟ್ರಸ್ಟ್ ಅಲ್ಲ, ಒಬ್ಬ ಮಗನಿಗಾಗಿ ಒಂದು ಮನೆಯ ಟ್ರಸ್ಟ್. ಅಪ್ಪ ಈಗಲೇ ಸಣ್ಣ ಮೊತ್ತದಿಂದ ಅದನ್ನು ಶುರು ಮಾಡಿ ಪತ್ರ ನೋಂದಾಯಿಸಿ, ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ತೆಗೆದಿಡುವುದು. ಮೊದಲ ಟ್ರಸ್ಟಿಗಳು ಅಪ್ಪ ಮತ್ತು ಅವ್ವ. ನಂತರದವರು ಯಾರು ಎಂದು ಪತ್ರದಲ್ಲೇ ಹೆಸರು: ಮಗಳು, ಸೋದರಮಾವ, ಮನೆಯ ಹೊರಗಿನ ಒಬ್ಬರು. ಇಬ್ಬರ ಸಹಿ ಇಲ್ಲದೆ ರೊಕ್ಕ ಹೊರಡಬಾರದು. ಉಳಿದ ಹಣ ಅಪ್ಪನ ಮತ್ತು ಅವ್ವನ ಮೃತ್ಯುಪತ್ರಗಳ ಮೂಲಕ ಈ ಖಾತೆಗೆ ಬಂದು ಸೇರುತ್ತದೆ. ಪೂರ್ತಿ ಹಣವನ್ನು ಈಗಲೇ ಹಾಕಿದರೆ ನಾಳೆ ಅವ್ವನ ಆಪರೇಷನ್ನಿಗೂ ತೆಗೆಯಲು ಬರುವುದಿಲ್ಲ.

ಟ್ರಸ್ಟ್ ಪತ್ರದ ಮೂರು ಸಾಲುಗಳ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಫಲಾನುಭವಿ ಸಣ್ಣ ಮಗ ಒಬ್ಬನೇ, ಆದಾಯ ಪೂರ್ತಿ ಅವನದೇ ಎಂದು ಬಿಡಿಸಿ ಬರೆದಿರಬೇಕು. ಆಗ ತೆರಿಗೆ ಅವನ ಆದಾಯದ ದರದಲ್ಲಿ ಬೀಳುತ್ತದೆ. ಯಾರಿಗೆ ಎಷ್ಟು ಎನ್ನುವುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಸಾಮಾನ್ಯವಾಗಿ ಗರಿಷ್ಠ ದರ ಬೀಳುತ್ತದೆ. ಎರಡನೆಯದು, ಜೊತೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೆ ತಿಂಗಳಿಗೆ ಇಂತಿಷ್ಟು ಎಂದು ಬಹಿರಂಗವಾಗಿ ಕೊಡುವುದು. ಅತ್ತಿಗೆ ಬಟ್ಟೆ ಒಗೆದು, ಊಟ ಬಡಿಸಿ, ರಾತ್ರಿ ಫಿಟ್ಸ್ ಬಂದಾಗ ಏಳುವವಳು. ಅದನ್ನು ಪುಕ್ಕಟೆ ಎಂದು ಲೆಕ್ಕ ಹಾಕಿದ ಯೋಜನೆ ಕುಸಿಯುವುದು ಅವಳ ಸೊಂಟದಲ್ಲೇ. ಮೂರನೆಯದು, ಮಗನ ನಂತರ ಉಳಿದದ್ದು ಯಾರಿಗೆ. "ನೋಡಿಕೊಂಡವರಿಗೆ" ಎಂದು ಬರೆಯುವುದು ನ್ಯಾಯ ಅನಿಸುತ್ತದೆ. ಆದರೆ ನೋಡಿಕೊಳ್ಳುವವರೇ ಟ್ರಸ್ಟಿಗಳೂ ಆಗಿದ್ದು, ಉಳಿದದ್ದೂ ಅವರಿಗೇ ಆದರೆ, ಅವನ ಹಲ್ಲಿನ ಡಾಕ್ಟರಿಗೆ ಕೊಡದೆ ಉಳಿಸಿದ ಪ್ರತಿ ರೂಪಾಯಿ ಅವರದೇ. ಅಣ್ಣನಿಗೆ ಉಳಿಕೆ ಬರೆಯಿರಿ, ಆಗ ಕೀಲಿ ಅಕ್ಕ ಮತ್ತು ಸೋದರಮಾವನ ಕೈಯಲ್ಲಿರಲಿ.

ಎಷ್ಟು ಹಾಕಬೇಕು ಎನ್ನುವುದು ಹೆದರಿಸುವ ಲೆಕ್ಕ, ಆದರೆ ಬಿಡಿಸಬಹುದು. ಮಗನ ಖರ್ಚು ಈಗಿನ ಬೆಲೆಯಲ್ಲಿ ತಿಂಗಳಿಗೆ 9,000 ಎನ್ನೋಣ, ಅತ್ತಿಗೆಗೆ ಕೊಡುವುದೂ ಸೇರಿ. ಅವ್ವ 78ರವರೆಗೆ ಇದ್ದರೆ ಇನ್ನೂ 27 ವರ್ಷ. ಆಗ ಮಗನಿಗೆ 53. ಅವನು 75ರವರೆಗೆ ಬದುಕಿದರೆ ತಂದೆತಾಯಿ ಇಲ್ಲದ ವರ್ಷ 22. ಹೊಲದಿಂದ ತಿಂಗಳಿಗೆ 3,750 ಬಂದರೆ ಕೊರತೆ 5,250, ವರ್ಷಕ್ಕೆ 63,000, 22 ವರ್ಷಕ್ಕೆ 13 ಲಕ್ಷ 86 ಸಾವಿರ. ಠೇವಣಿಯ ಬಡ್ಡಿ ಬೆಲೆ ಏರಿಕೆಯಷ್ಟೇ ಇರುತ್ತದೆ ಎಂದು ಹಿಡಿದರೆ ಇಂದಿನ 14 ಲಕ್ಷ, ಮುಟ್ಟದೆ ಬಿಟ್ಟರೆ, ಆ 22 ವರ್ಷಕ್ಕೆ ಸಾಲುತ್ತದೆ. ಬರುವ 18 ಲಕ್ಷದಲ್ಲಿ 14 ಅವನದು, ನಾಲ್ಕು ಮನೆಯದು. ಹಿರಿಯ ಮಗನ ಟ್ರ್ಯಾಕ್ಟರು, ಸ್ಲ್ಯಾಬು, ಮೊಮ್ಮಗಳ ಮದುವೆ ಎಲ್ಲ ಆ ನಾಲ್ಕರಲ್ಲೇ.

ಈ ಲೆಕ್ಕದಲ್ಲಿ ಪಿಎಫ್ ಪಿಂಚಣಿಯ 1,800 ಏಕೆ ಸೇರಿಸಿಲ್ಲ ಎಂದರೆ ಅದಕ್ಕೆ ತುಟ್ಟಿಭತ್ಯೆ ಇಲ್ಲ. ವರ್ಷಕ್ಕೆ ಶೇ. 6 ಬೆಲೆ ಏರಿದರೆ 27 ವರ್ಷದ ನಂತರದ 1,800 ಇಂದಿನ 375ಕ್ಕೂ ಕಡಿಮೆ. ಬಂದರೆ ಬರಲಿ, ನೆಚ್ಚಬಾರದು. ಎಲ್‌ಐಸಿಯ ಜಂಟಿ ಜೀವ ವರ್ಷಾಶನಕ್ಕೂ ಇದೇ ಕುಂದು. ಅಪ್ಪ ಮೊದಲ ಹೆಸರು, ಮಗ ಎರಡನೆಯದು ಎಂದು ತೆಗೆದುಕೊಂಡರೆ ಅಪ್ಪನ ನಂತರ ಮಗನಿಗೆ ಸಾಯುವತನಕ ಅಷ್ಟೇ ಹಣ ಬರುತ್ತದೆ, ಯಾರೂ ಅದನ್ನು ಒಡೆಯಲಾರರು. ಅದು ಅದರ ದೊಡ್ಡ ಗುಣ. ಆದರೆ 10 ಲಕ್ಷಕ್ಕೆ ಶೇ. 6ರಂತೆ ತಿಂಗಳಿಗೆ 5,000 ಎಂದು ಹಿಡಿದರೆ, 27 ವರ್ಷದ ಮೇಲೂ 5,000ವೇ, ಅಂದರೆ ಇಂದಿನ ಸಾವಿರದಷ್ಟು. ಏಜೆಂಟರು ನಿವೃತ್ತಿಯ ದಿನವೇ ಇದನ್ನು ಮಾರಲು ಬರುತ್ತಾರೆ. ಅವ್ವನಿಗೆ ಎಪ್ಪತ್ತಾಗುವ ಹೊತ್ತಿಗೆ ಕೊಂಡರೆ ಅದಕ್ಕೆ ಅರ್ಥ ಇದೆ, ಈಗಲ್ಲ.

ಹಾಗಾದರೆ ಆ 14 ಲಕ್ಷ ಎಲ್ಲಿ? ಬ್ಯಾಂಕ್ ಠೇವಣಿ, ಸರ್ಕಾರಿ ಬಾಂಡು, ಕಾಯಲು ದೀರ್ಘ ಕಾಲ ಇರುವುದರಿಂದ ಒಂದು ಪಾಲು ಇಂಡೆಕ್ಸ್ ಫಂಡು. ನಮ್ಮ ಕಡೆ ಪ್ರತಿ ಪೇಟೆಯಲ್ಲೂ ಇರುವ ಕ್ರೆಡಿಟ್ ಸೊಸೈಟಿ, ಸೌಹಾರ್ದ, ಪತಸಂಸ್ಥೆಗಳಲ್ಲಿ ಮಾತ್ರ ಈ ರೊಕ್ಕ ಬೇಡ. ಬಡ್ಡಿ ಒಂದೆರಡು ಪರ್ಸೆಂಟ್ ಹೆಚ್ಚು ಕೊಡುತ್ತಾರೆ, ಡೈರೆಕ್ಟರು ಗುರುತಿನವರೇ ಇರುತ್ತಾರೆ. ಆದರೆ ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗೆ ಸಿಗುವ ಠೇವಣಿ ವಿಮೆ, ಸಹಕಾರಿ ಬ್ಯಾಂಕಿಗೆ ಉಂಟು, ಇಂಥ ಸೊಸೈಟಿಗಿಲ್ಲ. ಪಾಸ್‌ಬುಕ್ಕಿನ ಮೇಲೆ ‘ಬ್ಯಾಂಕ್’ ಎಂದಿದೆಯೋ ‘ಸೊಸೈಟಿ’ ಎಂದಿದೆಯೋ ನೋಡಿ. ಎರಡಕ್ಕೂ ಅಷ್ಟೇ ಕೆಂಪು ರಟ್ಟು ಹಾಕಿರುತ್ತಾರೆ.

ನಾಲ್ಕೈದು ಲಕ್ಷಕ್ಕಿಂತ ಕಡಿಮೆ ಇರುವ ಮನೆಗೆ ಟ್ರಸ್ಟಿನ ಖರ್ಚು, ವರ್ಷದ ರಿಟರ್ನು ಭಾರ. ಅಂಥವರು ಪಾಲಕತ್ವ ಪತ್ರದ ಮೇಲೆ ಮಗನ ಹೆಸರಿನ ಒಂದೇ ಖಾತೆ ತೆರೆದು ಎಲ್ಲವನ್ನೂ ಅದಕ್ಕೇ ಬರುವಂತೆ ಮಾಡಲಿ. ಸಮಿತಿಯ ಪತ್ರದ ಮೇಲೆ ಖಾತೆ ತೆರೆಯಲು ರಿಸರ್ವ್ ಬ್ಯಾಂಕು 2007ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೌಂಟರಿನಲ್ಲಿ ಕೋರ್ಟಿನ ಆದೇಶ ತನ್ನಿ ಎಂದರೆ ಮ್ಯಾನೇಜರ ಕೋಣೆಗೆ ಹೋಗಿ.

ಕೊನೆಯದಾಗಿ ಯಾವ ಕಚೇರಿಗೂ ಬೇಡದ ಒಂದು ಕಾಗದ, ನೂರು ಪುಟದ ವಹಿ. ಅದನ್ನು ಬರೆಯಬೇಕಾದವಳು ಅವ್ವ, ಅವಳು ಹೇಳಿದ್ದನ್ನು ಮಗಳು ಬರೆದರೂ ನಡೆಯುತ್ತದೆ. ಫಿಟ್ಸಿನ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಊಟದ ನಂತರ. ಒಂದು ಹೊತ್ತು ತಪ್ಪಿದರೂ ಮರುದಿನ ಹೊರಗೆ ಕಳಿಸಬಾರದು. ಕಟಿಂಗ್ ಮಾಡಿಸುವಾಗ ಮಷಿನ್ ಬೇಡ, ಕತ್ತರಿ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕು. ಹೊಟ್ಟೆ ನೋಯುತ್ತಿದ್ದರೆ ಹೇಳುವುದಿಲ್ಲ, ಬಾಗಿಲ ಹಿಂದೆ ಹೋಗಿ ಕೂರುತ್ತಾನೆ. ಕಾರ್ಖಾನೆಯ ಭೋಂಗಾ ಆದರೆ ಅಪ್ಪ ಬರುವ ಹೊತ್ತಾಯಿತು ಎಂದು ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ಅಪ್ಪ ಇಲ್ಲದ ಕಾಲಕ್ಕೂ ಕೂರುತ್ತಾನೆ, ಒಳಗೆ ಎಳೆದುಕೊಂಡು ಹೋಗಬೇಡಿ, ಚಹಾ ಅಲ್ಲೇ ಕೊಡಿ.